ಹೆಸರು ಅಳಿಸಿದರೆ ಕೇರಿ ಅಳಿಸುತ್ತದೆಯೇ?



ಮೊನ್ನೆ ಒಂದು ಚರ್ಚೆಯಲ್ಲಿ ಸಾಫ್ಟ್‌ವೇರ್ ಕೆಲಸದ ಸಜ್ಜನರೊಬ್ಬರು ನನಗೆ ಸಮಾಧಾನ ಹೇಳಿದರು. "ಮೆಷಿನ್‌ಗೆ ಜಾತಿ ಗೊತ್ತಿಲ್ಲ ಸಾರ್, ಅದಕ್ಕೆ ಬರೀ ನಂಬರ್ ಗೊತ್ತು. ಅರ್ಜಿಯಲ್ಲಿ ಹೆಸರು, ಜಾತಿ ಕಾಲಂ ತೆಗೆದುಬಿಟ್ರೆ ಮುಗೀತು" ಅಂದರು. ಪಾಪ, ನಂಬಿಕೊಂಡೇ ಹೇಳಿದರು. ಆದರೆ ಆ ನಂಬರ್ ಎಲ್ಲಿಂದ ಬಂತು ಅಂತ ಅವರೂ ಕೇಳಿಕೊಂಡಂತಿರಲಿಲ್ಲ. ನಾವು ಕೇಳೋಣ.

ಕಂಪ್ಯೂಟರ್‌ಗೆ ಪದದ ಅರ್ಥ ತಿಳಿಯುವುದಿಲ್ಲ. ಹಾಗಾಗಿ ಪ್ರತಿ ಪದಕ್ಕೂ ಒಂದು ಜಾಗ ಕೊಡುತ್ತಾರೆ. 2013ರಲ್ಲಿ ಗೂಗಲ್‌ನ ತೊಮಾಸ್ ಮಿಕೊಲೊವ್ ಮತ್ತು ಜೊತೆಗಾರರು ಮಾಡಿದ ವರ್ಡ್‌ಟುವೆಕ್ ಈ ಕೆಲಸದಲ್ಲಿ ಹೆಸರುವಾಸಿ. ಹತ್ತು ಸಾವಿರ ಕೋಟಿ ಪದಗಳಷ್ಟು ಸುದ್ದಿ ಬರಹ ಓದಿಸಿ, ಒಂದೊಂದು ಪದಕ್ಕೂ 300 ಸಂಖ್ಯೆಗಳ ವಿಳಾಸ ಕೊಟ್ಟರು. ಕೊಡುವ ಕ್ರಮ ಸರಳ. ಮೊದಲು ಪದಗಳನ್ನು ಮನಬಂದಂತೆ ಎಲ್ಲೆಲ್ಲೋ ಚೆಲ್ಲುತ್ತಾರೆ. ಆಮೇಲೆ ವಾಕ್ಯ ಓದಿಸುತ್ತಾ, ಒಂದು ಪದದ ಅಕ್ಕಪಕ್ಕದ ಕೆಲವೇ ಪದಗಳನ್ನು ಊಹಿಸಲು ಹೇಳುತ್ತಾರೆ. ತಪ್ಪಿದಾಗಲೆಲ್ಲ ವಿಳಾಸವನ್ನು ಚೂರು ಸರಿಸುತ್ತಾರೆ. ಕೋಟ್ಯಂತರ ಸಲ ಹೀಗೆ ಸರಿಸಿದ ಮೇಲೆ, ಒಂದೇ ಬಗೆಯ ನೆರೆಹೊರೆ ಇರುವ ಪದಗಳು ಹತ್ತಿರ ಹತ್ತಿರ ಬಂದು ಕೂರುತ್ತವೆ.

ಅಂದರೆ ಇಲ್ಲಿ ಅರ್ಥ ಅನ್ನುವುದು ಪದದ ಒಳಗಿಲ್ಲ. ಅದು ಯಾರ ಪಕ್ಕ ಇದೆ ಅನ್ನುವುದರಲ್ಲಿದೆ. "ಬಿಸಿ", "ತಣ್ಣಗೆ" ಎರಡೂ ಹತ್ತಿರವೇ ಕೂರುತ್ತವೆ, ಯಾಕಂದರೆ ಎರಡೂ ಅದೇ ಕಾಫಿ, ಅದೇ ನೀರಿನ ಪಕ್ಕ ಬರುತ್ತವೆ. ಮನೆ ಎಲ್ಲಿ ಅಂತ ಕೇಳಿ ಮನುಷ್ಯನನ್ನು ತೂಗುವ ಊರಲ್ಲಿ ಬೆಳೆದ ನಮಗೆ ಈ ಲೆಕ್ಕ ಹೊಸದಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ. ಸಂಖ್ಯೆಗಳು ತಿಳಿಯಲೆಂದು ನಾನೇ ಹಾಕಿಕೊಂಡವು. ಒಂದು ಪದ "ಕಸ" ಪಕ್ಕ ಎಷ್ಟು ಸಲ ಬಂತು, "ಸಂಬಳ" ಪಕ್ಕ ಎಷ್ಟು ಸಲ ಬಂತು, ಇಷ್ಟೇ ಎಣಿಸೋಣ. ಪೌರಕಾರ್ಮಿಕ ಕಸದ ಪಕ್ಕ 4 ಸಲ, ಸಂಬಳದ ಪಕ್ಕ 3 ಸಲ. ಪೊರಕೆ 5 ಮತ್ತು 0. ಇಂಜಿನಿಯರ್ 0 ಮತ್ತು 5. ಗ್ರಾಫ್ ಹಾಳೆಯಲ್ಲಿ ಮೂರು ಚುಕ್ಕಿ ಇಟ್ಟು, ಸೊನ್ನೆಯಿಂದ ಗೆರೆ ಎಳೆಯಿರಿ. ಮೂರೂ ಗೆರೆಯ ಉದ್ದ 5. ಎರಡು ಗೆರೆಗಳ ಹೊಂದಿಕೆ ನೋಡಲು ಆಯಾ ಸಂಖ್ಯೆಗಳನ್ನು ಗುಣಿಸಿ, ಕೂಡಿಸಿ, ಉದ್ದಗಳ ಗುಣಲಬ್ಧದಿಂದ ಭಾಗಿಸಬೇಕು. 1 ಬಂದರೆ ಒಂದೇ ದಿಕ್ಕು, 0 ಬಂದರೆ ಸಂಬಂಧವೇ ಇಲ್ಲ. ಪೌರಕಾರ್ಮಿಕ ಮತ್ತು ಪೊರಕೆಗೆ 20 ಭಾಗಿಸು 25, ಅಂದರೆ 0.8. ಪೌರಕಾರ್ಮಿಕ ಮತ್ತು ಇಂಜಿನಿಯರ್‌ಗೆ 15 ಭಾಗಿಸು 25, ಅಂದರೆ 0.6.

ನೋಡಿ, ಮನುಷ್ಯ ಇನ್ನೊಬ್ಬ ಮನುಷ್ಯನಿಗಿಂತ ಪೊರಕೆಗೆ ಹತ್ತಿರವಾದ. ಈಗ ಅದೇ ಪೌರಕಾರ್ಮಿಕರ ಬಗ್ಗೆ ಬರೆಯುವವರು ಕಸ 3 ಸಲ, ಸಂಬಳ 4 ಸಲ ಬರೆದಿದ್ದರೆ? ಪೊರಕೆಗೆ 0.6, ಇಂಜಿನಿಯರ್‌ಗೆ 0.8. ಮನುಷ್ಯ ಅವನೇ, ಕೆಲಸ ಅದೇ. ಬದಲಾದದ್ದು ಬರೆದವರ ಕೈ ಮಾತ್ರ. ಮೆಷಿನ್‌ಗೆ ಜಾತಿ ಗೊತ್ತಿಲ್ಲ ಅನ್ನುವವರೇ, ಬರೆದ ಕೈಗೆ ಗೊತ್ತಿತ್ತಲ್ಲ!

ಇದು ಬರೀ ನನ್ನ ಊಹೆಯಲ್ಲ. 2016ರಲ್ಲಿ ಟೋಲ್ಗಾ ಬೊಲುಕ್‌ಬಾಶಿ ಮತ್ತು ಜೊತೆಗಾರರು ಆ ಸುದ್ದಿ ಬರಹದ ನಕಾಶೆಯನ್ನೇ ಪರೀಕ್ಷಿಸಿದರು. ಗಂಡಸಿಗೆ ಕಂಪ್ಯೂಟರ್ ಪ್ರೋಗ್ರಾಮರ್ ಆದರೆ ಹೆಂಗಸಿಗೆ ಏನು ಅಂತ ಕೇಳಿದರೆ, ಗೃಹಿಣಿ ಅಂತ ಉತ್ತರ ಬಂತು. ಮರುವರ್ಷ ಐಲಿನ್ ಚಾಲಿಸ್ಕನ್ ತಂಡ ಬೇರೊಂದು ನಕಾಶೆಯಲ್ಲಿ ಕಂಡಿದ್ದು: ಅಮೆರಿಕದ ಬಿಳಿಯರಲ್ಲಿ ಹೆಚ್ಚಾಗಿರುವ ಹೆಸರುಗಳು ಹಿತವಾದ ಪದಗಳಿಗೆ ಹತ್ತಿರ, ಕಪ್ಪು ಜನರ ಹೆಸರುಗಳು ಅಹಿತವಾದ ಪದಗಳಿಗೆ ಹತ್ತಿರ. ಯಾರೂ ಹೀಗೆ ಮಾಡು ಅಂತ ಆದೇಶ ಕೊಟ್ಟಿರಲಿಲ್ಲ. ಬರಹದಲ್ಲಿ ಇದ್ದದ್ದು ನಕಾಶೆಯಲ್ಲಿ ಬಂತು.

ಸರಿ, ಮದ್ದು ಏನು? ಬೊಲುಕ್‌ಬಾಶಿ ತಂಡವೇ ಒಂದು ಮದ್ದು ಕೊಟ್ಟಿತ್ತು. "ಅವನು–ಅವಳು" ತರದ ಜೋಡಿಗಳನ್ನು ಹಿಡಿದು, ಗಂಡು-ಹೆಣ್ಣಿನ ದಿಕ್ಕು ಯಾವುದು ಅಂತ ಗುರುತಿಸುವುದು. ನರ್ಸ್, ಇಂಜಿನಿಯರ್ ಮುಂತಾದ ಪದಗಳಿಂದ ಆ ದಿಕ್ಕಿನ ಪಾಲನ್ನು ಕಳೆದುಬಿಡುವುದು. ಕಳೆದ ಮೇಲೆ ಆ ದಿಕ್ಕಿನಲ್ಲಿ ಅಳೆದರೆ ಸೊನ್ನೆ. ನಮ್ಮ ಸಜ್ಜನರು ಹೇಳಿದ "ಕಾಲಂ ತೆಗೆಯೋದು" ಅಂದರೆ ಇದೇ.

2019ರಲ್ಲಿ ಹಿಲಾ ಗೊನೆನ್ ಮತ್ತು ಯೋವ್ ಗೋಲ್ಡ್‌ಬರ್ಗ್ ಈ ಮದ್ದಿನ ಬಣ್ಣ ಬಯಲು ಮಾಡಿದರು. ಮದ್ದು ಕೊಡುವ ಮೊದಲು ಗಂಡಿನ ಕಡೆ ಅತಿ ವಾಲಿದ್ದ 500 ಪದ, ಹೆಣ್ಣಿನ ಕಡೆ ಅತಿ ವಾಲಿದ್ದ 500 ಪದ ತೆಗೆದುಕೊಂಡರು. ಮದ್ದು ಕೊಟ್ಟ ನಕಾಶೆಯಲ್ಲಿ, ಗಂಡು-ಹೆಣ್ಣಿನ ಸುಳಿವೇ ಕೊಡದೆ, ಬರೀ ಹತ್ತಿರ-ದೂರ ನೋಡಿ ಎರಡು ಗುಂಪು ಮಾಡು ಅಂದರು. ಹಳೆಯ ಗುಂಪುಗಳೇ ಮತ್ತೆ ಎದ್ದು ಬಂದವು, 92.5% ಸರಿಯಾಗಿ! ನರ್ಸ್ "ಅವಳು" ಪದದ ಪಕ್ಕದಿಂದ ಎದ್ದಿದ್ದಳು ನಿಜ. ಆದರೆ ರಿಸೆಪ್ಷನಿಸ್ಟ್, ಟೀಚರ್ ಪಕ್ಕ ಹಾಗೇ ಕೂತಿದ್ದಳು. ಬೋರ್ಡ್ ತೆಗೆದರು, ಬೀದಿ ಹಾಗೇ ಉಳಿಯಿತು.

ನಮಗಿದು ಪುಸ್ತಕ ಓದಿ ತಿಳಿಯಬೇಕಾದ ವಿಷಯವಾ? ಸರ್‌ನೇಮ್ ಬಿಟ್ಟವರು, ಹೆಸರು ಬದಲಿಸಿಕೊಂಡವರು ನಮ್ಮಲ್ಲಿ ಎಷ್ಟು ಜನ! ಬಾಡಿಗೆ ಮನೆ ಕೇಳಲು ಹೋದರೆ ಹೆಸರು ಆದಮೇಲೆ "ಯಾವೂರು? ಊಟ ಏನು? ಅಪ್ಪ ಏನು ಮಾಡ್ತಾರೆ?" ಅಂತಾರೆ. ಮೂರು ಪ್ರಶ್ನೆ ಸಾಕು. ಹಾಸ್ಟೆಲ್ ಹೆಸರು, ಸ್ಕಾಲರ್‌ಶಿಪ್ ಹೆಸರು, ಬಡಾವಣೆ ಹೆಸರು ಇರುವ ಅರ್ಜಿಯಿಂದ ಜಾತಿ ಕಾಲಂ ತೆಗೆದರೆ, ಆ ಹೆಸರುಗಳ ನೆರೆಹೊರೆಯೇ ಮೆಷಿನ್‌ಗೆ ಸುಳಿವಾಗಬಹುದು.

ಜಾತಿಯ ವಿಷಯದಲ್ಲಿ ಆ ಅರೆಬರೆ ಮದ್ದೂ ಸುಲಭವಿಲ್ಲ. "ಅವನು–ಅವಳು" ತರದ ಅಚ್ಚುಕಟ್ಟು ಜೋಡಿ ಜಾತಿಗೆ ಎಲ್ಲಿದೆ? ಬಾಬಾಸಾಹೇಬರು ಇದನ್ನು ಶ್ರೇಣೀಕೃತ ಅಸಮಾನತೆ ಅಂದರು. ನೂರಾರು ಮೆಟ್ಟಿಲು, ಪ್ರದೇಶಕ್ಕೊಂದು ಹೆಸರು. ಒಂದು ಗೆರೆ ಎಳೆದು ಕಳೆಯುವುದಾದರೆ ಯಾವ ಗೆರೆ?

ಹಾಗಾದರೆ ನಾವು ಏನು ಕೇಳಬೇಕು? "ಕಾಲಂ ತೆಗೆದಿದ್ದೀರಾ" ಅಂತ ಅಲ್ಲ. "ನೆರೆಹೊರೆ ತೋರಿಸಿ" ಅಂತ. ಕನ್ನಡದ್ದೇ ಒಂದು ನಕಾಶೆ ಎಲ್ಲರಿಗೂ ಸಿಗುವಂತಿದೆ. ವಿಕಿಪೀಡಿಯ ಮತ್ತು ಇಂಟರ್ನೆಟ್‌ನಿಂದ ಬಾಚಿದ ಬರಹದಿಂದ ಮಾಡಿದ ಫಾಸ್ಟ್‌ಟೆಕ್ಸ್ಟ್. ಕಂಪ್ಯೂಟರ್ ಬಲ್ಲ ನಮ್ಮ ಹುಡುಗರು ಇಳಿಸಿಕೊಂಡು ಹೀಗೆ ಕೊಡಲಿ:

```
./fasttext nn cc.kn.300.bin
```

ಪದ ಟೈಪ್ ಮಾಡಿದರೆ ಅದಕ್ಕೆ ಹತ್ತಿರದ ಹತ್ತು ಪದ ಬರುತ್ತವೆ. ಒಂದು ಎಚ್ಚರ ಇರಲಿ. ಇದು ಪದದ ತುಂಡುಗಳನ್ನೂ ನೋಡುತ್ತದೆ, ಹಾಗಾಗಿ "ಕೇರಿ" ಅಂದರೆ "ಕೇರಿಯ", "ಕೇರಿಗೆ" ಅಂತ ಬರೀ ಅದೇ ಪದದ ರೂಪಗಳು ಬರಬಹುದು. ಅದನ್ನು ನೋಡಿ ತೀರ್ಪು ಕೊಡಬೇಡಿ. ಒಂದೇ ಪದ ಸಾಲದು, ಇಪ್ಪತ್ತು ಮೂವತ್ತು ಪದ ಕೊಟ್ಟು, ನಮ್ಮ ಪದಗಳ ಸುತ್ತ ಯಾರಿದ್ದಾರೆ, ಅವರ ಪದಗಳ ಸುತ್ತ ಯಾರಿದ್ದಾರೆ ಅಂತ ಪಕ್ಕಪಕ್ಕ ಬರೆದಿಡಿ. ಕಂಡದ್ದನ್ನು ಕಂಡಹಾಗೆ ಹಾಕಿ.

ಊರ ನಕಾಶೆ ಬರೆದವರು ನಮ್ಮನ್ನು ಕೇಳಿ ಬರೆಯಲಿಲ್ಲ. ಈ ನಕಾಶೆಯನ್ನಾದರೂ ನಾವು ಕೈಗೆತ್ತಿಕೊಂಡು, ಬೆರಳಿಟ್ಟು ಓದೋಣ.

ಜೈ ಭೀಮ್.