ಕೆಲಸ ಬಿಟ್ಟವನ ಫೋಟೋ ಕೆಳಗೆ ಏನು ಬರೀಬೇಕು

ಪಕ್ಕದ ಹಳ್ಳಿ ಹುಡುಗ ಒಬ್ಬ ಮೊನ್ನೆ ಫೋನ್ ಮಾಡಿದ್ದ. "ಅಣ್ಣ, ನಿಮ್ಮ ಪೋಸ್ಟ್ ನೋಡಿ ಧೈರ್ಯ ಬಂತು, ಬರೋ ತಿಂಗಳು ರಿಸೈನ್ ಮಾಡ್ತೀನಿ, ನಾನೂ ರೇಷ್ಮೆಗೆ ಇಳೀತೀನಿ" ಅಂದ. ಯಾವ ಪೋಸ್ಟ್ ಅಂತ ಹುಡುಕಿದೆ. ಮೂರು ವರ್ಷದ ಹಿಂದಿನದು. ಹಿಪ್ಪುನೇರಳೆ ತೋಟದಲ್ಲಿ ಸೊಪ್ಪಿನ ಹೊರೆ ಹೊತ್ಕೊಂಡು ನಗ್ತಾ ನಿಂತಿದ್ದೀನಿ. ಕೆಳಗೆ "ಎಸಿ ರೂಮ್ ಬಿಟ್ಟು ಮಣ್ಣಿಗೆ ಬಂದೆ" ಅಂತ ನಾನೇ ಬರ್ದಿದ್ದೆ. ಆವಾಗ ಇನ್ನೂ ಮೊದಲನೇ ಬೆಳೆ ಗೂಡು ಕೂಡ ಬಿಡಿಸಿರಲಿಲ್ಲ!

ಇಂಥ ಸಾಲು ಬರೆಯೋರ ಮೇಲೆ, ಮೊದಲು ನನ್ನ ಮೇಲೇ, ನನಗೆ ಸಿಟ್ಟಿದೆ. ಸುಳ್ಳು ಅಂತಲ್ಲ. ಲೆಕ್ಕ ಬಿಟ್ಟಿರ್ತೀವಿ ಅಂತ.

ಲೆಕ್ಕ ಇದು. ಬಿಡೋವಾಗ ನನ್ನ ಸಂಬಳ ಕೈಗೆ 62,000. ಈಗ ಒಂದೂವರೆ ಎಕರೆ ವಿ-1, ಎರಡು ಭಾಗ ಮಾಡಿ ಒಂದಾದ ಮೇಲೊಂದು ಕಟಾವು. ಒಂದು ಬೆಳೆಗೆ 150 ಮೊಟ್ಟೆ, ವರ್ಷಕ್ಕೆ ಹತ್ತು ಬೆಳೆ. ಚೆನ್ನಾಗಿ ಬಂದ್ರೆ 105 ಕೆಜಿ ದ್ವಿತಳಿ ಗೂಡು. ಕೆಜಿಗೆ 500 ಸಿಕ್ಕಿದ್ರೆ 52,500. ಚಾಕಿ ಹುಳ, ಆಳು, ಗೊಬ್ಬರ, ಸುಣ್ಣ ಬ್ಲೀಚಿಂಗು, ಮಾರ್ಕೆಟ್‌ಗೆ ಗಾಡಿ ಎಲ್ಲಾ ಸೇರಿ 30,000 ಖರ್ಚು. ಉಳಿಯೋದು 22,500. ಕಳೆದ ವರ್ಷ ಹತ್ತರಲ್ಲಿ ಎರಡು ಬೆಳೆ ಕೆಟ್ಟವು. ಎಲ್ಲಾ ಕಳೆದು ಉಳಿದಿದ್ದು 1,46,000, ಅಂದ್ರೆ ತಿಂಗಳಿಗೆ ಸುಮಾರು 12,000. ಹುಳು ಮನೆ ಸಾಲದ ಇಎಂಐ 9,000. ಮನೆ ನಡೆದಿದ್ದು ಹೆಂಡತಿ ಟೀಚರ್ ಸಂಬಳದಲ್ಲಿ. ಆ ಫೋಟೋದಲ್ಲಿ ಅವಳಿರಲಿಲ್ಲ.

ಕೆಟ್ಟ ಬೆಳೆಯಲ್ಲಿ ಒಂದರ ಕಥೆ ಹೇಳಲೇಬೇಕು, ಯಾಕಂದ್ರೆ ಅದನ್ನ ಕೆಡಿಸಿದ್ದು ಹುಳ ಅಲ್ಲ, ನನ್ನ ಆಫೀಸಿನ ಅಭ್ಯಾಸ. ಗೂಡು ಬಿಡಿಸಿದ ಮೇಲೆ ಹತ್ತು ದಿನ ಮನೆ ಖಾಲಿ ಇರಬೇಕು. ತೊಳೆದು, ಸುಣ್ಣದ ತಿಳಿನೀರಲ್ಲಿ ಬ್ಲೀಚಿಂಗ್ ಕಲಸಿ ಗೋಡೆ, ಸ್ಟ್ಯಾಂಡು, ಚಂದ್ರಿಕೆ ಎಲ್ಲಾ ನೆನೆಯೋ ಹಾಗೆ ಹೊಡೀಬೇಕು, ಒಣಗಬೇಕು. ನಿಮಗೆಲ್ಲಾ ಗೊತ್ತಿರೋದೇ. ನನಗೂ ಗೊತ್ತಿತ್ತು. ಆದ್ರೆ 5ನೇ ತಾರೀಕು ಇಎಂಐ ಕಟ್ ಆಗುತ್ತೆ, ಖಾತೇಲಿ ದುಡ್ಡಿಲ್ಲ. ಆರು ದಿನ ಮುಂಚೆನೇ ಚಾಕಿ ಹುಳ ತಂದುಬಿಟ್ಟೆ. ನಾಲ್ಕೇ ದಿನದ ಬಿಡುವು, ಔಷಧಿ ಹೊಡೆದಿದ್ದೂ ನೆಪಕ್ಕೆ. ಸೊಪ್ಪೂ ಬಲಿತಿರಲಿಲ್ಲ.

ಮೂರನೇ ಜ್ವರದವರೆಗೂ ಹುಳ ಚೆನ್ನಾಗೇ ಇತ್ತು. ನಾಲ್ಕನೇ ಜ್ವರ ಎದ್ದು ಐದನೇ ದಿನ ನೋಡ್ತೀನಿ, ಕೆಲವು ಹುಳ ಸೊಪ್ಪು ಬಿಟ್ಟು ಸ್ಟ್ಯಾಂಡಿನ ಅಂಚಲ್ಲಿ ಓಡಾಡ್ತಿವೆ. ಮೈ ಹೊಳೀತಿದೆ, ಗೆಣ್ಣು ಊದಿದೆ. ಮುಟ್ಟಿದ್ರೆ ಚರ್ಮ ಒಡೆದು ಹಾಲಿನಂಥ ನೀರು. ಹಾಲುತೊಂಡೆ. ಅಂಟಿದ್ದು ಯಾವತ್ತೋ, ಕಣ್ಣಿಗೆ ಕಂಡಿದ್ದು ಸೊಪ್ಪೆಲ್ಲಾ ತಿಂದು ಮುಗಿಯೋ ಹೊತ್ತಿಗೆ. ಈ ಕಸುಬಿನ ಕ್ರೂರತನ ಇದೇ: ಒಟ್ಟು ಸೊಪ್ಪಿನ ಮುಕ್ಕಾಲಿಗಿಂತ ಹೆಚ್ಚು ಹೋಗೋದು ಕೊನೇ ಹಂತದಲ್ಲಿ, ರೋಗ ಮುಖ ತೋರ್ಸೋದೂ ಅಲ್ಲೇ. ಖರ್ಚು ಅಷ್ಟೊತ್ತಿಗೆ ಆಗೋಗಿರುತ್ತೆ. ಆರಿಸಿ ಆರಿಸಿ ಸುಣ್ಣ ಹಾಕಿ ಹೂತೆ. ಸಿಕ್ಕಿದ್ದು 31 ಕೆಜಿ, ರಾಮನಗರದಲ್ಲಿ 290ಕ್ಕೆ ಹೋಯ್ತು. 9,000 ಇಎಂಐಗೋಸ್ಕರ 17,000 ಕಳ್ಕೊಂಡೆ.

ತಿಂಗಳ ತಾರೀಕು ಸಂಬಳದವರದ್ದು. ಹುಳಕ್ಕೆ 5ನೇ ತಾರೀಕು ಗೊತ್ತಿಲ್ಲ.

ಇನ್ನೊಂದು ಮಾತು. ನನ್ನಂಥವರನ್ನ "ರಿಸ್ಕ್ ತಗೊಂಡ ಧೀರ" ಅಂತ ವಿಡಿಯೋ ಮಾಡ್ತಾರೆ. ನಮ್ಮೂರಲ್ಲಿ ನಲವತ್ತು ವರ್ಷದಿಂದ ಹುಳ ಸಾಕ್ತಿರೋ ದೊಡ್ಡಪ್ಪಂದಿರು ಇದ್ದಾರೆ. ಅವರಿಗೆ ಬಿಡೋಕೆ ಸಂಬಳಾನೇ ಇರಲಿಲ್ಲ, ಸೋತ್ರೆ ವಾಪಸ್ ಹೋಗೋಕೆ ಆಫೀಸೂ ಇಲ್ಲ. ಅವರ ಹತ್ರ ಮೈಕು ಹಿಡಿದವರು ಯಾರೂ ಇಲ್ಲ. ನನಗೆ ಕೆಟ್ಟಾಗ ಚಂದ್ರಿಕೆ ಕೊಟ್ಟು, "ಮನೆ ಒಣಗಿಸೋ ಮಾರಾಯ ಮೊದ್ಲು" ಅಂತ ಬೈದವರು ಅವರೇ.

ಹಾಗಾದ್ರೆ ವಾಪಸ್ ಹೋಗ್ತೀಯಾ ಅಂತ ಕೇಳ್ತೀರಿ. ಇಲ್ಲ. ಹುಳ ಹಣ್ಣಾಗಿ ಚಂದ್ರಿಕೆ ಹತ್ತೋ ರಾತ್ರಿ ಮನೆ ಒಳಗೆ ನಿಂತ್ಕೊಳ್ಳೋದು ನನಗೆ ಇಷ್ಟ, ಕಾರಣ ಅಷ್ಟೇ. ಅದಕ್ಕೆ ಬೆಲೆ ಕಟ್ತಿರೋದು ನನ್ನ ಹೆಂಡತಿ ಅನ್ನೋದೂ ಗೊತ್ತು. ಸಾಲ ಇನ್ನೂ ನಾಲ್ಕು ವರ್ಷ ಇದೆ. ಈ ವರ್ಷ ಮೂರು ಬೆಳೆ ಕೆಟ್ರೆ ಮತ್ತೆ ಕೆಲಸ ಹುಡುಕ್ತೀನಿ, ಮನೇಲಿ ಹಾಗಂತ ಮಾತಾಗಿದೆ.

ಹುಡುಗನಿಗೆ ಹೇಳಿದ್ದು: ರಿಸೈನ್ ಲೆಟರ್ ಹಾಗೇ ಇಟ್ಕೋ. ಮೊದಲು ರಜ ಹಾಕಿ ಬಾ, ಚಾಕಿ ತರೋ ದಿನದಿಂದ ಗೂಡು ಮಾರೋ ದಿನದವರೆಗೂ ನನ್ನ ಜೊತೆ ಇರು, ಇಪ್ಪತ್ತೈದು ದಿನ. ಸಾಲ ಏನಾದ್ರೂ ಇದ್ರೆ ತೀರಿಸ್ಕೊಂಡು ಆಮೇಲೆ ಮಾತಾಡು. ಬೈಕ್ ಲೋನ್ ಇದೆಯಂತೆ, ಇನ್ನೂ ಹನ್ನೊಂದು ಕಂತು.

ಹಳೇ ಫೋಟೋ ಡಿಲೀಟ್ ಮಾಡಿಲ್ಲ. ಕೆಳಗಿನ ಸಾಲು ಬದಲಾಯಿಸಿದ್ದೀನಿ: "ಇದು ಮೊದಲನೇ ಬೆಳೆ. ಇನ್ನೂ ಗೂಡು ಬಿಡಿಸಿಲ್ಲ. ಮನೆ ಖರ್ಚು ಹೆಂಡತಿದು."