ಮೂರು ಖಾತೆಯಿಂದ ಒಂದೇ ಬಾಡಿಗೆ

ಮೂವರು ಸೇರಿ ಮನೆ ಮಾಡಿದರೆ ತಿಂಗಳ ಮೊದಲ ವಾರದ ತಲೆನೋವು ಒಬ್ಬನಿಗೇ ಮೀಸಲು. ಓನರ್‌ಗೆ ದುಡ್ಡು ಹಾಕುವವನು ಅವನು. ಉಳಿದಿಬ್ಬರು ಅವನಿಗೆ ಹಾಕಬೇಕು. ಒಬ್ಬ ‘ನಾಳೆ ಮಚ್ಚಾ’ ಎನ್ನುತ್ತಾನೆ, ಇನ್ನೊಬ್ಬ ಮೆಸೇಜ್ ನೋಡಿಯೂ ಸುಮ್ಮನಿರುತ್ತಾನೆ. ಕೊನೆಗೆ ಇವನೇ ಕೈಯಿಂದ ಹಾಕುತ್ತಾನೆ. ಇದಕ್ಕಿಂತ ದೊಡ್ಡ ತೊಂದರೆ ಇರುವುದು ದಾಖಲೆಯಲ್ಲಿ. ಬಾಡಿಗೆ ಹೋದದ್ದು ಒಬ್ಬನ ಖಾತೆಯಿಂದ, ರಸೀದಿಯೂ ಅವನ ಹೆಸರಿಗೆ. ಹೊಸದಾಗಿ ಕೆಲಸಕ್ಕೆ ಸೇರಿದ ಇನ್ನೊಬ್ಬ ಹಳೆಯ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಕೇಳಲು ಹೊರಟರೆ, ತಾನು ಬಾಡಿಗೆ ಕಟ್ಟಿದ್ದೇನೆಂದು ತೋರಿಸಲು ಅವನ ಬಳಿ ಏನೂ ಇರುವುದಿಲ್ಲ.

ಹಾಗಾಗಿ ‘ನಾವು ಮೂವರೂ ಬೇರೆ ಬೇರೆ ಹಾಕುತ್ತೇವೆ’ ಎಂದು ಓನರ್ ಬಳಿ ಕೇಳುವುದು ನ್ಯಾಯವೇ. ಆದರೆ ಹೆಚ್ಚಿನ ಓನರ್‌ಗಳು ತಕ್ಷಣ ಬೇಡ ಎನ್ನುತ್ತಾರೆ. ಅದು ಬರೀ ಹಟವಲ್ಲ, ಅವರ ಭಯಕ್ಕೆ ಕಾರಣವಿದೆ. ಇಂದು ಬೇರೆ ಬೇರೆ ಹಾಕುವವರು ನಾಳೆ ‘ನನ್ನ ಪಾಲು ನಾನು ಕೊಟ್ಟಿದ್ದೇನೆ, ಅವನದು ಅವನನ್ನೇ ಕೇಳಿ’ ಎನ್ನಬಹುದು. ಆಗ ಒಂದು ಮನೆ ಕೊಟ್ಟು ಮೂವರ ಹಿಂದೆ ಅಲೆಯಬೇಕು. ಈ ಭಯ ಹೋಗದೆ ನಮ್ಮ ಕೋರಿಕೆ ಮುಂದೆ ಹೋಗುವುದಿಲ್ಲ.

ಹೋಗಲಾಡಿಸುವ ದಾರಿ ನಮ್ಮ ಕೈಯಲ್ಲೇ ಇದೆ. ಎಷ್ಟೋ ಮನೆಗಳಲ್ಲಿ ಹನ್ನೊಂದು ತಿಂಗಳ ಕರಾರು ಪತ್ರ ಒಬ್ಬನ ಹೆಸರಿನಲ್ಲಿ ಇರುತ್ತದೆ, ಉಳಿದವರು ಕಾಗದದ ಮೇಲೆ ಇರುವುದೇ ಇಲ್ಲ. ಸಹಿ ಹಾಕಿದವನು ಊರಿಗೆ ಹೋದರೆ ಓನರ್ ಕೈಯಲ್ಲಿ ಉಳಿಯುವುದು ಅಡ್ವಾನ್ಸ್ ಮಾತ್ರ. ನಾವು ಮೂವರೂ ಸಹಿ ಹಾಕಿ, ಪೂರ್ತಿ ಬಾಡಿಗೆಗೆ ಮೂವರೂ ಜಂಟಿಯಾಗಿ ಮತ್ತು ಒಬ್ಬೊಬ್ಬರಾಗಿಯೂ ಹೊಣೆ ಎಂದು ಬರೆದುಕೊಟ್ಟರೆ, ಓನರ್‌ಗೆ ಒಬ್ಬನ ಬದಲು ಮೂವರು ಸಿಗುತ್ತಾರೆ. ಅಂದರೆ ನಾವು ಕೇಳುತ್ತಿರುವುದು ದಾಕ್ಷಿಣ್ಯವನ್ನಲ್ಲ, ಒಂದು ಅನುಕೂಲ ಕೇಳಿ ಅದಕ್ಕಿಂತ ದೊಡ್ಡ ಭದ್ರತೆ ಕೊಡುತ್ತಿದ್ದೇವೆ. ಇದನ್ನು ಹೇಳದೆ ‘ಪ್ಲೀಸ್ ಅಂಕಲ್’ ಎಂದಷ್ಟೇ ಗೋಗರೆಯುವವರೇ ಹೆಚ್ಚು.

ಕೇಳುವ ಮಾತು ಹೀಗಿದ್ದರೆ ಸಾಕು: ‘ಸರ್, ಬಾಡಿಗೆ 24,000 ಒಂದೇ, ಅದರಲ್ಲಿ ಬದಲಾವಣೆ ಇಲ್ಲ. ಮೂವರ ಖಾತೆಯಿಂದ ಪ್ರತಿ ತಿಂಗಳು 5ರ ಒಳಗೆ ನಿಮ್ಮ ಖಾತೆಗೆ ಬರುತ್ತದೆ. ಯಾರಾದರೂ ಒಬ್ಬರದು ಬಾರದಿದ್ದರೆ ಉಳಿದವರು ತುಂಬಿ ಕೊಡುತ್ತೇವೆ, ನೀವು ನಮ್ಮಲ್ಲಿ ಯಾರನ್ನು ಬೇಕಾದರೂ ಪೂರ್ತಿ ಮೊತ್ತಕ್ಕೆ ಕೇಳಬಹುದು. ಬೇರೆ ಬೇರೆ ಹಾಕಿದ ಮಾತ್ರಕ್ಕೆ ಮೂರು ಬಾಡಿಗೆ ಕರಾರು ಆಗುವುದಿಲ್ಲ ಎಂದು ಬರೆದು ಮೂವರೂ ಸಹಿ ಮಾಡುತ್ತೇವೆ.’ ಕರಾರು ಈಗಾಗಲೇ ಆಗಿದ್ದರೆ ಇದನ್ನೇ ಇನ್ನೊಂದು ಹಾಳೆಯಲ್ಲಿ ಬರೆದು, ಓನರ್ ಮತ್ತು ಮೂವರೂ ಸಹಿ ಮಾಡಿ ಮೂಲ ಪತ್ರಕ್ಕೆ ಸೇರಿಸಬಹುದು. ಬಾಯಿಮಾತಿನ ‘ಸರಿ ಹಾಕ್ರಪ್ಪ’ ಅವರ ಮಗ ವ್ಯವಹಾರ ನೋಡಿಕೊಳ್ಳುವ ದಿನದವರೆಗೆ ಮಾತ್ರ.

ಈಗ ಸಹಿ ಹಾಕುವ ನಮ್ಮ ಕಡೆಗೆ ಬರೋಣ. ಜಂಟಿ ಹೊಣೆ ಎಂದರೆ ಏನೆಂದು ತಿಳಿಯದೆ ಸಹಿ ಹಾಕಬಾರದು. 1872ರ ಭಾರತೀಯ ಕರಾರು ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ, ಹಲವರು ಸೇರಿ ಮಾತು ಕೊಟ್ಟಿದ್ದರೆ, ಬೇರೆ ಒಪ್ಪಂದವಿಲ್ಲದಿದ್ದಾಗ, ಅವರಲ್ಲಿ ಯಾರೊಬ್ಬರಿಂದಲೂ ಪೂರ್ತಿ ವಸೂಲು ಮಾಡಬಹುದು. ಕಟ್ಟಿದವನು ಉಳಿದವರಿಂದ ಸಮಪಾಲು ಕೇಳಬಹುದು. ಅವರಲ್ಲೊಬ್ಬ ಕೊಡಲಾರದೆ ಹೋದರೆ ಆ ನಷ್ಟವನ್ನೂ ಉಳಿದವರು ಸಮನಾಗಿ ಹೊರಬೇಕು. ಕಾಯ್ದೆಯಲ್ಲೇ ಇರುವ ಉದಾಹರಣೆ ರೂಮ್‌ಮೇಟ್‌ಗಳಿಗೆ ಹೇಳಿ ಮಾಡಿಸಿದಂತಿದೆ: ಮೂವರು ಸೇರಿ 3,000 ರೂಪಾಯಿ ಕೊಡಬೇಕು, ಮೂರನೆಯವನ ಬಳಿ ಏನೂ ಇಲ್ಲ, ಮೊದಲನೆಯವನು ಪೂರ್ತಿ ಕಟ್ಟುತ್ತಾನೆ. ಅವನಿಗೆ ಎರಡನೆಯವನಿಂದ ಸಿಗಬೇಕಾದದ್ದು 1,000 ಅಲ್ಲ, 1,500.

ಇಲ್ಲಿ ಬಹಳ ಜನ ಗಮನಿಸದ ಒಂದು ಪದವಿದೆ. ‘ಸಮಪಾಲು.’ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಬಾಡಿಗೆ ಸಮವಾಗಿ ಹಂಚಿಕೆಯಾಗುತ್ತದೆ? ಒಂದು ಮನೆ ಇಟ್ಟುಕೊಳ್ಳೋಣ. ಹಾಸನದವನು ಅಟ್ಯಾಚ್ಡ್ ಬಾತ್‌ರೂಮ್ ಇರುವ ಕೋಣೆಯಲ್ಲಿ ಒಬ್ಬನೇ ಇದ್ದಾನೆ, ಅವನದು 10,000. ರಾಯಚೂರಿನವನು ಮತ್ತು ಶಿರಸಿಯವನು ಇನ್ನೊಂದು ಕೋಣೆ ಹಂಚಿಕೊಂಡಿದ್ದಾರೆ, ತಲಾ 7,000. ಅಡ್ವಾನ್ಸ್ 1,20,000ಕ್ಕೂ ಅದೇ ಲೆಕ್ಕದಲ್ಲಿ 50,000, 35,000, 35,000 ಹಾಕಿದ್ದಾರೆ. ಇದನ್ನು ಎಲ್ಲೂ ಬರೆದಿಡದಿದ್ದರೆ, ಜಗಳ ಬಂದ ದಿನ ಹಾಸನದವನು ‘ಕಾನೂನಿನಂತೆ ಮೂವರದೂ 8,000’ ಎನ್ನಬಹುದು. ಅದಕ್ಕೆ ಓನರ್‌ಗೆ ಕೊಡುವ ಕಾಗದದ ಜೊತೆ ಮೂವರ ನಡುವೆಯೇ ಇನ್ನೊಂದು ಹಾಳೆ ಬೇಕು: ಯಾರ ಪಾಲು ಎಷ್ಟು, ಅಡ್ವಾನ್ಸ್‌ನಲ್ಲಿ ಯಾರದೆಷ್ಟು, ಕೊರತೆ ಬಿದ್ದರೆ ಯಾರು ಎಷ್ಟು ತುಂಬಬೇಕು. ಇದರ ಗೊಡವೆ ಓನರ್‌ಗೆ ಬೇಡ, ಅವರಿಗೆ 24,000 ಒಂದೇ ಸಂಖ್ಯೆ.

ಶಿರಸಿಯವನ ಕೆಲಸ ಜೂನ್‌ನಲ್ಲಿ ಹೋಯಿತು ಎನ್ನಿ. ಖಾತೆಗೆ 17,000 ಮಾತ್ರ ಬಂದಿದೆ. ‘ನಮ್ಮದು ಹಾಕಿದ್ದೇವೆ’ ಎಂದು ಉಳಿದಿಬ್ಬರು ನಿರಾಳವಾಗಿ ಮಲಗಿದರೆ ಬಾಡಿಗೆ ಬಾಕಿ ಉಳಿದದ್ದು ಶಿರಸಿಯವನದ್ದಲ್ಲ, ಮನೆಯದ್ದು. ತಲಾ 3,500 ತುಂಬಿ 24,000 ಮಾಡಬೇಕು. ಅದು ಶಿರಸಿಯವನ ಮೇಲಿನ ಸಾಲವೆಂದು ಆ ದಿನವೇ ಗ್ರೂಪ್‌ನಲ್ಲಿ ಬರೆದು ಅವನ ಒಪ್ಪಿಗೆ ಪಡೆಯಬೇಕು. ಅವನ ಅಡ್ವಾನ್ಸ್ ಪಾಲು 35,000, ಅಂದರೆ ಐದು ತಿಂಗಳ ಪಾಲಿಗೆ ಸಾಕು. ಆದರೆ ‘ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ’ ಎಂದು ಓನರ್‌ಗೆ ಹೇಳಲು ಬರುವುದಿಲ್ಲ, ಅವರ ಕೈಯಲ್ಲಿರುವುದು ಇಡೀ ಮನೆಯ ಅಡ್ವಾನ್ಸ್. ಈ ಹೊಂದಾಣಿಕೆ ನಮ್ಮೊಳಗೇ ಆಗಬೇಕು, ಅವನ ಜಾಗಕ್ಕೆ ಬರುವವನು 35,000 ಕೊಡುವಾಗ ಸಾಲ ಕಳೆದು ಉಳಿದದ್ದನ್ನು ಅವನಿಗೆ ದಾಟಿಸಬೇಕು.

ದಿನನಿತ್ಯದ ಶಿಸ್ತು ಚಿಕ್ಕದು. ಕೊನೆಯ ದಿನ 5 ಆದರೆ ನಮ್ಮೊಳಗಿನ ದಿನ 3 ಆಗಿರಲಿ. ಯುಪಿಐನಲ್ಲಿ ದುಡ್ಡು ಕಡಿತವಾಗಿ ಎದುರಿನ ಖಾತೆಗೆ ಸೇರದೆ ನಿಲ್ಲುವುದುಂಟು, ಎರಡು ದಿನ ಕೈಯಲ್ಲಿದ್ದರೆ ಪರದಾಟವಿಲ್ಲ. ಹಾಕುವಾಗ ನೋಟ್‌ನಲ್ಲಿ `JUNE RENT 1 of 3` ಎಂಬಂತೆ ಬರೆಯಿರಿ. ಮೂರೂ ಸೇರಿದ ಮೇಲೆ ಒಬ್ಬನೇ ಓನರ್‌ಗೆ ‘ಜೂನ್ ಬಾಡಿಗೆ 24,000 ಪೂರ್ತಿ ಬಂದಿದೆ, ನೋಡಿ ಸರ್’ ಎಂದು ಒಂದು ಮೆಸೇಜ್ ಕಳಿಸಲಿ. ಮೂರು ನೋಟಿಫಿಕೇಶನ್ ಕೂಡಿಸುವ ಕೆಲಸ ಅವರಿಗೆ ಬಾರದಿದ್ದರೆ ಅರ್ಧ ಆಕ್ಷೇಪಣೆ ಅಲ್ಲೇ ಮುಗಿಯಿತು.

ರಸೀದಿಯ ವಿಷಯ ಸ್ವಲ್ಪ ನಾಜೂಕು. ಪ್ರತಿಯೊಬ್ಬನಿಗೂ ಅವನು ಕಟ್ಟಿದ ಮೊತ್ತಕ್ಕೆ, ಅವನ ಹೆಸರಿನಲ್ಲಿ ರಸೀದಿ ಬೇಕು. ವರ್ಷಕ್ಕೆ 1 ಲಕ್ಷ ಮೀರಿ ಬಾಡಿಗೆ ಕಟ್ಟುವವನು ಭತ್ಯೆ ವಿನಾಯಿತಿಗೆ ಓನರ್ ಪ್ಯಾನ್ ಕೊಡಬೇಕಾಗುತ್ತದೆ. ನಮ್ಮ ಲೆಕ್ಕದಲ್ಲಿ 84,000 ಕಟ್ಟುವ ಇಬ್ಬರಿಗೆ ಅದು ಬೇಡ, 1,20,000 ಕಟ್ಟುವ ಹಾಸನದವನಿಗೆ ಬೇಕು. ಪ್ಯಾನ್ ಎಂದೊಡನೆ ಕೆಲವು ಓನರ್‌ಗಳ ಮುಖ ಬಾಡುತ್ತದೆ. ಮೂರು ಕಡೆಯಿಂದ ಬಂದರೂ ಅವರ ಆದಾಯ ಅದೇ 24,000, ಒಂದು ರೂಪಾಯಿಯೂ ಏರುವುದಿಲ್ಲ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕರಾರಿನ ನಂತರ ಕೇಳಿದರೆ ಮೋಸವೆನಿಸುತ್ತದೆ.

ಇನ್ನು ಮನೆ ಬಿಡುವವನ ಪ್ರಶ್ನೆ. ಬ್ಯಾಗು ಎತ್ತಿಕೊಂಡು ಹೋದರೆ ಹೊಣೆ ಮುಗಿಯುವುದಿಲ್ಲ. ಪತ್ರದಲ್ಲಿ ಸಹಿ ಇರುವವರೆಗೆ ಅವನನ್ನೂ ಕೇಳಬಹುದು. ಓನರ್ ಅವನೊಬ್ಬನನ್ನು ಬಿಟ್ಟುಕೊಟ್ಟರೂ ಉಳಿದವರ ಹೊಣೆ ಕಡಿಮೆಯಾಗುವುದಿಲ್ಲ, ಅದೇ ಕಾಯ್ದೆಯ 44ನೇ ಸೆಕ್ಷನ್ ಇದನ್ನು ಹೇಳುತ್ತದೆ. ಆದ್ದರಿಂದ ಹೊರಡುವವನು ಯಾವ ದಿನಾಂಕದಿಂದ ತಾನು ಹೊಣೆಯಲ್ಲ ಎಂದು ಓನರ್‌ನಿಂದ ಬರೆಸಿಕೊಳ್ಳಬೇಕು, ಒಳಬರುವವನು ಅದೇ ಹಾಳೆಯ ಮೇಲೆ ಸಹಿ ಹಾಕಿದ ನಂತರವೇ ಅವನ ಕೈಗೆ ಬೀಗದ ಕೈ ಕೊಡಬೇಕು.