‘ಚಾ ಆಯ್ತಾ?’ ಎಂದು ಕೇಳಿದರೆ

ಬೆಂಗಳೂರಿನ ಬ್ಯಾಂಕ್ ಶಾಖೆಯೊಂದರಿಂದ ಒಬ್ಬ ತರುಣ ಕುಮಟಾಕ್ಕೆ ವರ್ಗವಾಗಿ ಬರುತ್ತಾನೆ ಎಂದಿಟ್ಟುಕೊಳ್ಳಿ. ಪೇಟೆಯ ಓಣಿಯಲ್ಲಿ ಬಾಡಿಗೆ ಕೋಣೆ. ಮೊದಲ ದಿನ ಬೆಳಿಗ್ಗೆ ಕೋಣೆಯ ಎದುರಿನ ಕಿರಾಣಿ ಅಂಗಡಿಯವರು ಕೇಳುತ್ತಾರೆ: ‘ಚಾ ಆಯ್ತಾ?’ ಅವನು ಸತ್ಯವನ್ನೇ ಹೇಳುತ್ತಾನೆ: ‘ಇಲ್ಲ.’ ಕೂಡಲೇ ಅಂಗಡಿಯ ಹುಡುಗ ಚಹಾ ತರಲು ಓಡುತ್ತಾನೆ. ತರುಣನಿಗೆ ಸಂಕೋಚ. ಮರುದಿನ ಸಂಜೆ ಅದೇ ಅಂಗಡಿಯವರು, ‘ಎಲ್ಲಿಗೋ ಹೋಗಿ ಬಂದ ಹಾಗಿದೆ?’ ಎನ್ನುತ್ತಾರೆ. ಇವರಿಗೇಕೆ ನನ್ನ ಉಸಾಬರಿ ಎಂದುಕೊಂಡ ಅವನು ‘ಏನೋ ಕೆಲಸ ಇತ್ತು’ ಎಂದು ಮುಖ ತಿರುಗಿಸುತ್ತಾನೆ. ಮೂರನೆಯ ದಿನ ಅಂಗಡಿಯವರು ಏನೂ ಕೇಳುವುದಿಲ್ಲ.

ತರುಣನಿಗೆ ಹಾಯೆನಿಸುತ್ತದೆ. ಆದರೆ ಅವನು ಕಳೆದುಕೊಂಡದ್ದು ಏನೆಂದು ತಿಳಿಯುವುದು ತಿಂಗಳು ಕಳೆದ ಮೇಲೆ. ಜ್ವರ ಬಂದು ಎರಡು ದಿನ ಮಲಗಿದಾಗ ಓಣಿಯ ಒಬ್ಬರೂ ಬಾಗಿಲು ತಟ್ಟಿ ವಿಚಾರಿಸುವುದಿಲ್ಲ. ಓಣಿಯ ಲೆಕ್ಕದಲ್ಲಿ ಅವನು ‘ಬಿಗುಮಾನದ ಮನುಷ್ಯ’.

ಇಲ್ಲಿ ಯಾರದೂ ತಪ್ಪಿಲ್ಲ. ಮಹಾನಗರದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ ನೂರಾರು ಅಪರಿಚಿತ ಮುಖಗಳು ಎದುರಾಗುತ್ತವೆ. ಎಲ್ಲರನ್ನೂ ಮಾತನಾಡಿಸಹೊರಟರೆ ಆಫೀಸು ಮುಟ್ಟುವುದು ಮಧ್ಯಾಹ್ನವಾದೀತು. ಹಾಗಾಗಿ ನೋಡಿಯೂ ನೋಡದಂತೆ ದಾಟುವುದೇ ಅಲ್ಲಿಯ ಸೌಜನ್ಯ. ಪರಿಚಿತರಿಗೆ ‘ಹಲೋ’, ಅಧಿಕಾರಿಗೆ ‘ನಮಸ್ಕಾರ ಸಾರ್’, ಅಷ್ಟೇ. ಅಮೆರಿಕದ ಸಮಾಜಶಾಸ್ತ್ರಜ್ಞ ಇರ್ವಿಂಗ್ ಗಾಫ್‌ಮನ್ 1963ರ ತನ್ನ ಪುಸ್ತಕದಲ್ಲಿ ಇದನ್ನೇ ವಿವರಿಸಿದ್ದಾನೆ. ಅಪರಿಚಿತನನ್ನು ಒಂದು ಕ್ಷಣ ನೋಡಿ ಕಣ್ಣು ತೆಗೆಯುವುದು ಉದಾಸೀನವಲ್ಲ, ಅವನ ಪಾಡಿಗೆ ಅವನನ್ನು ಬಿಡುವ ಮರ್ಯಾದೆ.

ಭಟ್ಕಳ, ಹೊನ್ನಾವರ, ಕುಮಟಾದಂಥ ಊರುಗಳಲ್ಲಿ ಲೆಕ್ಕ ತಿರುಗುಮುರುಗು. ಬಸ್‌ಸ್ಟ್ಯಾಂಡಿನಲ್ಲಿ ಕಂಡವರೇ ಮೀನು ಪೇಟೆಯಲ್ಲಿ, ಆಸ್ಪತ್ರೆಯಲ್ಲಿ, ಯಕ್ಷಗಾನದ ಆಟದಲ್ಲಿ ಮತ್ತೆ ಮತ್ತೆ ಕಾಣುತ್ತಾರೆ. ಕಂಡೂ ಮಾತನಾಡಿಸದಿದ್ದರೆ ಅದೇ ಒಂದು ಮಾತಾಗುತ್ತದೆ. ಇಲ್ಲಿ ದಾರಿಯಲ್ಲಿ ಸಿಕ್ಕವರಿಗೆ ‘ನಮಸ್ಕಾರ’ ಎಂದು ಕೈ ಮುಗಿಯುವುದು ಕಡಿಮೆ. ಅದು ಸಭೆಗೆ, ಹಿರಿಯರಿಗೆ, ಮೊದಲ ಭೇಟಿಗೆ. ದಿನನಿತ್ಯದ ವಂದನೆ ಎಂದರೆ ಒಂದು ಪ್ರಶ್ನೆ. ‘ಆರಾಮಾ?’ ‘ಚಾ ಆಯ್ತಾ?’ ‘ಪೇಟೆಗೆ ಬಂದದ್ದಾ?’ ಕೈಯಲ್ಲಿ ಮೀನಿನ ಚೀಲ ಹಿಡಿದು ಬರುವವನನ್ನು ‘ಮೀನು ತಂದ್ರಾ?’ ಎಂದು ಕೇಳುವುದೂ ವಂದನೆಯೇ. ಮಳೆಗಾಲ ಹಿಡಿಯಿತೆಂದರೆ ‘ನಿಮ್ಮ ಬದಿಗೆ ಮಳೆ ಹೇಗೆ?’ ಎಂಬುದು ಉಳಿದೆಲ್ಲ ಪ್ರಶ್ನೆಗಳ ಜಾಗ ಹಿಡಿಯುತ್ತದೆ.

ಕಣ್ಣಿಗೆ ಕಾಣುವುದನ್ನೇ ಏಕೆ ಕೇಳಬೇಕು ಎಂದು ನಗರದವರಿಗೆ ಅನ್ನಿಸಬಹುದು. ಪೆಸಿಫಿಕ್‌ನ ಟ್ರೋಬ್ರಿಯಂಡ್ ದ್ವೀಪಗಳಲ್ಲಿದ್ದು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ 1923ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದಾನೆ. ಇಂಥ ಮಾತಿನ ಕೆಲಸ ಸುದ್ದಿ ತಿಳಿಸುವುದಲ್ಲ, ಇಬ್ಬರ ನಡುವೆ ಬಳಕೆಯ ಎಳೆಯೊಂದನ್ನು ಕಟ್ಟುವುದು. ಚೀನಾದಲ್ಲೂ ‘ಊಟವಾಯಿತೇ?’ ಎಂಬುದು ಹಳೆಯ ವಂದನೆಯೇ. ಹಾಗಾಗಿ ಉತ್ತರ ಚಿಕ್ಕದಿರಬೇಕು, ಹಿಂದೆಯೇ ಒಂದು ಮರುಪ್ರಶ್ನೆ ಇರಬೇಕು. ‘ಹ್ಞಾಂ, ಈಗಷ್ಟೇ ಆಯ್ತು. ನಿಮ್ಮದು?’ ಇಷ್ಟು ಸಾಕು. ಚಹಾ ಕುಡಿದಿರದಿದ್ದರೂ ‘ಆಯ್ತು’ ಎಂದರೆ ಅದು ಸುಳ್ಳಿನ ಲೆಕ್ಕಕ್ಕೆ ಸೇರುವುದಿಲ್ಲ.

ಹೊರಟವರನ್ನು ‘ಎಲ್ಲಿಗೆ?’ ಎಂದು ನೇರವಾಗಿ ಕೇಳುವುದು ಅಪಶಕುನವೆಂದು ಹಳಬರ ನಂಬಿಕೆ. ಅವರು ‘ದೂರ ಹೊರಟಿರಾ?’ ಎನ್ನುತ್ತಾರೆ. ‘ಇಲ್ಲೇ ಸ್ವಲ್ಪ’ ಎಂದರೆ ಉತ್ತರ ಪೂರ್ಣ. ಮುಂದೆ ಯಾರೂ ಕೆದಕುವುದಿಲ್ಲ. ಅದೇ ರೀತಿ, ಹೊರಡುವಾಗ ‘ಹೋಗ್ತೇನೆ’ ಎನ್ನಬಾರದು. ‘ಬರ್ತೇನೆ’ ಎನ್ನಬೇಕು.

ಎರಡನೆಯ ಪ್ರಶ್ನೆ ಇನ್ನೂ ಸೂಕ್ಷ್ಮ: ‘ನಿಮಗೆ ಯಾವೂರಾಯ್ತು?’ ಬೆಂಗಳೂರು ಎಂದರೆ ಸಾಲದು, ‘ಮೂಲ ಎಲ್ಲಿ?’ ಎಂದು ಮುಂದುವರಿಯುತ್ತದೆ. ಇದಕ್ಕೆ ಒಂದು ಕಾರಣವಿದೆ. ಈ ಕರಾವಳಿಯಲ್ಲಿ ನಾಯ್ಕ, ಭಟ್ಟ, ಹೆಗಡೆ, ಗೌಡ ಎಂಬ ಅಡ್ಡಹೆಸರುಗಳು ಒಂದೊಂದು ಊರಿನಲ್ಲೂ ಹತ್ತಾರು ಮನೆಗಳಿಗಿವೆ. ಬರೀ ಹೆಸರಿನಿಂದ ಯಾರೆಂದು ತಿಳಿಯುವುದಿಲ್ಲ. ಊರು, ಕೇರಿ, ಮನೆ ತಿಳಿದರೆ ಮಾತ್ರ ಮನುಷ್ಯನಿಗೆ ಒಂದು ಗುರುತು. ಪರಿಚಿತರ ಹೆಸರೊಂದು ನಡುವೆ ಸಿಕ್ಕಿಬಿಟ್ಟರೆ ಮಾತು ಸಲೀಸು. ಆದರೆ ಈ ಪ್ರಶ್ನೆ ಎಲ್ಲ ಕಾಲಕ್ಕೂ ಮುಗ್ಧವಲ್ಲ. ಬಾಡಿಗೆ ಮನೆ ಕೇಳಲು ಹೋದಲ್ಲಿ ಅದು ಜಾತಿ ತಿಳಿಯುವ ಅಡ್ಡದಾರಿಯೂ ಆಗಬಹುದು. ಗುರುತಿಸುವುದು ಹೇಗೆ? ವಂದನೆಯ ಪ್ರಶ್ನೆ ಒಂದು ಉತ್ತರಕ್ಕೆ ತೃಪ್ತಿಪಡುತ್ತದೆ, ತನ್ನ ಸುದ್ದಿಯನ್ನೂ ಹೇಳುತ್ತದೆ. ವಿಚಾರಣೆಯ ಪ್ರಶ್ನೆ ತನ್ನ ಬಗ್ಗೆ ಏನನ್ನೂ ಹೇಳದೆ ಕೇಳುತ್ತಲೇ ಹೋಗುತ್ತದೆ. ಆಗ ಊರಿನ ಹೆಸರಷ್ಟೇ ಹೇಳಿ ನಕ್ಕು, ಮಾತನ್ನು ಮಳೆಯ ಕಡೆ ತಿರುಗಿಸುವ ಸ್ವಾತಂತ್ರ್ಯ ಹೊಸಬರಿಗೆ ಇದ್ದೇ ಇದೆ.

ಕರೆಯುವ ಬಗೆಯೂ ಬೇರೆ. ಈ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಶಾಲೆಯ ಮೇಷ್ಟ್ರು ಇಲ್ಲಿ ‘ಮಾಸ್ತರ್ರು’, ಶಿಕ್ಷಕಿ ‘ಅಕ್ಕೋರು’. ‘ಸಾರ್’, ‘ಮೇಡಂ’ ಈಗ ಕಚೇರಿಗಳಲ್ಲಿ ಸಾಮಾನ್ಯ. ಆದರೆ ಪೇಟೆಯಲ್ಲಿ ಅಡ್ಡಹೆಸರಿಗೆ ‘ರೆ’ ಸೇರಿಸಿ ‘ಭಟ್ರೆ’, ‘ನಾಯ್ಕರೆ’ ಎನ್ನುವುದೇ ಆಪ್ತ. ಹಳ್ಳಿಯ ಅಜ್ಜಿಯೊಬ್ಬಳು ಆಫೀಸರನನ್ನೂ ‘ನೀನು’ ಎಂದರೆ ಅದು ಸಲಿಗೆ, ಅವಮಾನವಲ್ಲ.

ಭಟ್ಕಳದ ಪೇಟೆಯಲ್ಲಿ ನವಾಯತ ಮುಸ್ಲಿಮರು ಹೆಚ್ಚು. ಅವರ ಮನೆಮಾತು ಕೊಂಕಣಿಗೆ ಹತ್ತಿರದ ನವಾಯತಿ. ತಮ್ಮವರು ಎದುರಾದಾಗ ‘ಅಸ್ಸಲಾಮು ಅಲೈಕುಂ’ ಎಂಬ ಸಲಾಮು, ಅದಕ್ಕೆ ‘ವ ಅಲೈಕುಂ ಅಸ್ಸಲಾಂ’ ಎಂಬ ಮರುಮಾತು. ಬೇರೆಯವರು ‘ನಮಸ್ಕಾರ’ ಎಂದರೂ ಸಾಕು. ಗಂಡಸರ ನಡುವೆ ಕೈಕುಲುಕುವುದು ರೂಢಿ. ಹೆಂಗಸರಿಗೆ ಕೈ ಚಾಚುವುದು ಮಾತ್ರ ಬೇಡ. ಈ ಎಚ್ಚರ ಭಟ್ಕಳಕ್ಕಷ್ಟೇ ಅಲ್ಲ, ಮೂರೂ ಊರುಗಳಿಗೆ ಸಲ್ಲುತ್ತದೆ. ಮುಗುಳ್ನಗೆ, ತಲೆ ಬಾಗುವಿಕೆ ಸಾಕು.

ಮನೆಯೊಳಗೆ ಹೋದ ಮೇಲೆ ವಂದನೆ ತಟ್ಟೆಗೆ ಇಳಿಯುತ್ತದೆ. ಹವ್ಯಕರ ಮನೆಗಳಲ್ಲಿ ಮೊದಲ ಮಾತು ‘ಆಸರಿಗೆ ಎಂತ ಬೇಕು?’ ಬಾಯಾರಿಕೆಗೆ ನೀರು-ಬೆಲ್ಲವೋ, ಮಜ್ಜಿಗೆಯೋ, ಚಹಾವೋ ಎಂದರ್ಥ. ಆಮೇಲೆ ಎಲೆ, ಅಡಿಕೆ, ಸುಣ್ಣದ ಕವಳದ ತಟ್ಟೆ. ‘ಏನೂ ಬೇಡ’ ಎಂದು ಖಡಾಖಂಡಿತ ಹೇಳಿದರೆ ಮನೆಯವರ ಮುಖ ಬಾಡುತ್ತದೆ. ‘ಈಗಷ್ಟೇ ಕುಡಿದು ಬಂದೆ, ಅರ್ಧ ಲೋಟ ಕೊಡಿ’ ಎಂದರೆ ಇಬ್ಬರ ಮಾನವೂ ಉಳಿಯುತ್ತದೆ. ಕವಳ ಹಾಕದವರು ತಟ್ಟೆ ಮುಟ್ಟಿ ಒಂದು ಅಡಿಕೆ ಹೋಳು ತೆಗೆದುಕೊಂಡರೂ ಆಯಿತು.

ಕಾಲ ಬದಲಾಗಿದೆ. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದ ಮೇಲೆ ಮೂರೂ ಊರುಗಳಿಗೆ ಹೊರಗಿನವರ ಓಡಾಟ ಹೆಚ್ಚಿತು. ಮೊಬೈಲು ನೋಡುತ್ತ ನಡೆಯುವ ಹುಡುಗರು ಇಲ್ಲೂ ‘ಹಾಯ್’ ಎನ್ನುತ್ತಾರೆ. ಆದರೂ ಅಂಗಡಿಯ ಕಟ್ಟೆಯಲ್ಲಿ ಹಳೆಯ ಪ್ರಶ್ನೆಗಳು ನಿಂತಿಲ್ಲ.

ಬ್ಯಾಂಕಿನ ತರುಣನಿಗೂ ದಾರಿ ಮುಚ್ಚಿಲ್ಲ. ಕ್ಷಮೆ ಕೇಳುವ ಅಗತ್ಯವೂ ಇಲ್ಲ, ಕೇಳಿದರೆ ಅಂಗಡಿಯವರಿಗೇ ಮುಜುಗರ. ಬೆಳಿಗ್ಗೆ ಕೋಣೆಗೆ ಬೀಗ ಹಾಕಿ, ಓಣಿ ದಾಟಿ, ಅವನೇ ಮೊದಲು ಕೇಳಿದರಾಯಿತು: ‘ಏನು, ಚಾ ಆಯ್ತಾ?’ ತಕ್ಕಡಿಯಿಂದ ತಲೆಯೆತ್ತಿ ಅವರು ‘ಹ್ಞಾಂ, ಆಯ್ತು. ನಿಮ್ಮದು?’ ಎಂದರೆ ಕಡಿದ ಎಳೆ ಮತ್ತೆ ಕೂಡಿತೆಂದೇ ಅರ್ಥ.